ಬೆಕ್ಕು ಕಾಣೆಯಾಗಿದೆ: ಶೆಡ್ ತೆರೆದು ನೋಡಿ ಎಂದು ನೆರೆಹೊರೆಯವರನ್ನು ಕೇಳುವುದು ಹೇಗೆ?

ಕಿಟಕಿಯಂಚು (ಬುಧವಾರ ಬೆಳಿಗ್ಗೆ)

ನಮ್ಮ ಬೆಕ್ಕು ಬೆಳ್ಳಿ ನಿನ್ನೆ ಸಂಜೆಯಿಂದ ಕಾಣುತ್ತಿಲ್ಲ. ಮರಿಯಾಗಿದ್ದಾಗಿನಿಂದ ಮನೆಯೊಳಗೇ ಬೆಳೆದವಳು, ಹೊರಗಿನ ಅಭ್ಯಾಸವೇ ಇಲ್ಲ. ಬಡಾವಣೆಯ ಗುಂಪುಗಳಿಗೆ ಕಳುಹಿಸಲು ಕೆಳಗಿನ ಪ್ರಕಟಣೆ ಬರೆದಿದ್ದೇನೆ. ಕಳುಹಿಸುವ ಮೊದಲು ತಿಳಿದವರು ಒಮ್ಮೆ ಓದಿ ಹೇಳಿ.

"ದಯವಿಟ್ಟು ಸಹಾಯ ಮಾಡಿ!!! ನಮ್ಮ ಮುದ್ದಿನ ಬೆಳ್ಳಿ ಕಳೆದುಹೋಗಿದ್ದಾಳೆ. ಬೂದು ಬಣ್ಣ, ತುಂಬಾ ಸಾಧು, ಹೆಸರು ಕರೆದರೆ ಓಡಿ ಬರುತ್ತಾಳೆ. ಮಂಗಳವಾರದಿಂದ ಕಾಣುತ್ತಿಲ್ಲ. ಯಾರಾದರೂ ಎತ್ತಿಕೊಂಡು ಹೋಗಿದ್ದರೆ ಹಿಂದಿರುಗಿಸಿ, ನಾವು ಏನೂ ಕೇಳುವುದಿಲ್ಲ. ಎಲ್ಲರೂ ತಮ್ಮ ಶೆಡ್ಡು, ಗ್ಯಾರೇಜುಗಳನ್ನು ಕೂಡಲೇ ತೆರೆದು ನೋಡಬೇಕು. ಹುಡುಕಿಕೊಟ್ಟವರಿಗೆ ಬಹುಮಾನವಿದೆ."

ತೋಟದಮೂಲೆ

ಒಂದು ರಾತ್ರಿಗೇ ಇಷ್ಟು ಗಾಬರಿಯೇ? ನಮ್ಮ ಗಂಡು ಬೆಕ್ಕು ವಾರಗಟ್ಟಲೆ ಮನೆಗೆ ಬರುವುದಿಲ್ಲ. ಒಂದು ದಿನ ಕಿವಿ ಹರಿದುಕೊಂಡು, ಮೈಯೆಲ್ಲ ಧೂಳು ಮಾಡಿಕೊಂಡು ಬಂದು ಏನೂ ಆಗಿಲ್ಲವೆಂಬಂತೆ ಮಲಗುತ್ತದೆ. ಬೆಕ್ಕು ದಾರಿ ಮರೆಯುವ ಪ್ರಾಣಿಯಲ್ಲ. ಬಾಗಿಲು ತೆರೆದಿಟ್ಟು ಸುಮ್ಮನಿರಿ, ಹಸಿವಾದರೆ ತಾನೇ ಬರುತ್ತದೆ.

ಹಳೆ ಟಾರ್ಚು

ತೋಟದಮೂಲೆಯವರೇ, ನಿಮ್ಮ ಬೆಕ್ಕಿಗೆ ಊರೇ ಮನೆ. ಈಕೆಯ ಸಂಗತಿ ಬೇರೆ. ಹೊರಗೆ ಕಾಲಿಟ್ಟೇ ಇಲ್ಲದ ಬೆಕ್ಕು ಬಾಗಿಲು ದಾಟಿದರೆ ತಿರುಗಾಟಕ್ಕೆ ಹೋಗುವುದಿಲ್ಲ, ಹೆದರಿ ಹತ್ತಿರದ ಯಾವುದಾದರೂ ಸಂದಿಯಲ್ಲಿ ಅಡಗುತ್ತದೆ. ಅಡಗಿದ ಮೇಲೆ ಸದ್ದು ಮಾಡುವುದಿಲ್ಲ. ಒಡತಿ ಎರಡು ಮಾರು ದೂರದಲ್ಲಿ ನಿಂತು ಹೆಸರು ಕರೆದರೂ ಉಸಿರೆತ್ತದೆ ಕೂತಿರುತ್ತದೆ. ಅದಕ್ಕೆ ಪ್ರೀತಿಯಿಲ್ಲ ಎಂದಲ್ಲ, ಸದ್ದು ಮಾಡಿದರೆ ಅಪಾಯ ಎಂದು ಅದರ ಮೈಗೆ ಗೊತ್ತು. ಹಾಗಾಗಿ "ಕರೆದರೆ ಓಡಿ ಬರುತ್ತಾಳೆ" ಎಂಬ ಮಾತನ್ನು ಮೊದಲು ತೆಗೆಯಿರಿ. ಅದನ್ನು ಓದಿದವರು ಶೆಡ್ಡಿನ ಬಾಗಿಲಲ್ಲಿ ನಿಂತು ಒಮ್ಮೆ "ಬೆಳ್ಳೀ" ಎಂದು ಕೂಗಿ, ಉತ್ತರ ಬಾರದಿದ್ದರೆ ಬೀಗ ಹಾಕಿಕೊಂಡು ಹೋಗುತ್ತಾರೆ.

ಕಳೆದುಹೋದ ಸಾವಿರಕ್ಕೂ ಹೆಚ್ಚು ಬೆಕ್ಕುಗಳ ವಿವರ ಸಂಗ್ರಹಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಗಿದೆ. ಸಿಕ್ಕಿದ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೇ ಇದ್ದವು. ಕಾಯುತ್ತ ಕೂತವರಿಗಿಂತ ಇಳಿದು ಹುಡುಕಿದವರಿಗೆ ಬೆಕ್ಕು ಜೀವಂತ ಸಿಕ್ಕಿದ್ದು ಹೆಚ್ಚು. ನಾನು ಇಂಥ ಹುಡುಕಾಟಗಳಿಗೆ ಬಹಳ ವರ್ಷಗಳಿಂದ ಹೋಗುತ್ತಿದ್ದೇನೆ. ಒಳಗೇ ಬೆಳೆದ ಬೆಕ್ಕಾದರೆ ಮೊದಲು ಅಕ್ಕಪಕ್ಕದ ಹಿತ್ತಲು ಮುಗಿಸದೆ ಬೀದಿಗೆ ಹೋಗುವುದೇ ಇಲ್ಲ.

ಪ್ರಕಟಣೆಯ ಮಾತಿಗೆ ಆಮೇಲೆ ಬರೋಣ. ಮೊದಲು ಇದನ್ನು ಹೇಳಿ: "ಮಂಗಳವಾರದಿಂದ" ಎಂದರೆ ಎಷ್ಟು ಗಂಟೆಯಿಂದ? ಕೊನೆಯದಾಗಿ ನೋಡಿದವರು ಯಾರು, ಎಲ್ಲಿ? ಇಲ್ಲ ಎಂದು ಗೊತ್ತಾದದ್ದು ಎಷ್ಟು ಹೊತ್ತಿಗೆ? ನಡುವೆ ಯಾವ ಬಾಗಿಲು ತೆರೆದಿತ್ತು?

ಕಿಟಕಿಯಂಚು

6.40ಕ್ಕೆ ಅಡುಗೆಮನೆಯ ಕಿಟಕಿಯ ಮೇಲೆ ಕೂತಿದ್ದಳು, ನಾನೇ ನೋಡಿದ್ದೇನೆ. ಅದೇ ಹೊತ್ತಿಗೆ ಬಟ್ಟೆ ಒಗೆಯುವ ಯಂತ್ರ ರಿಪೇರಿಯವರು ಬಂದಿದ್ದರು, ಹಿತ್ತಲ ಬಾಗಿಲು ಅಗಲವಾಗಿ ತೆರೆದಿತ್ತು. 7.15ಕ್ಕೆ ಊಟದ ಬಟ್ಟಲು ಇಟ್ಟಾಗ ಬರಲಿಲ್ಲ. ಹಿತ್ತಲ ಹಿಂದೆ ಕಿರಿದಾದ ಓಣಿ ಇದೆ. ಅದಕ್ಕೆ ಮುಖಮಾಡಿ ಒಬ್ಬರ ಹಳೆಯ ಸಾಮಾನಿನ ಶೆಡ್ಡು, ಬಡಗಿಯೊಬ್ಬರು ಮರ ಇಡುವ ತಗಡಿನ ಕೊಠಡಿ, ಬೀಗ ಹಾಕಿದ ಒಂದು ಮನೆಯ ಗ್ಯಾರೇಜು ಇವೆ. ರಾತ್ರಿಯೇ ಓಣಿಯಲ್ಲಿ ಕೂಗಿಕೊಂಡು ತಿರುಗಿದೆವು.

ಹಳೆ ಟಾರ್ಚು

ಈ ಮೂವತ್ತೈದು ನಿಮಿಷವೇ ನಿಮ್ಮ ಪ್ರಕಟಣೆಯ ಜೀವಾಳ. ಬೆಕ್ಕು ಮುಚ್ಚಿದ ಬಾಗಿಲ ಮೂಲಕ ಶೆಡ್ಡಿಗೆ ಹೋಗುವುದಿಲ್ಲ. ಯಾರೋ ಏನನ್ನೋ ಇಡಲು ತೆರೆದಾಗ ಬೆನ್ನ ಹಿಂದಿನಿಂದ ನುಸುಳುತ್ತದೆ, ಅವರು ನೋಡದೆ ಬಾಗಿಲು ಹಾಕಿಕೊಳ್ಳುತ್ತಾರೆ. "ನಿಮ್ಮ ಶೆಡ್ಡು ನೋಡಿ" ಎಂದರೆ ಎಲ್ಲರೂ "ನಮ್ಮದು ಯಾವಾಗಲೂ ಬೀಗ ಹಾಕಿರುತ್ತದೆ" ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. "ಮಂಗಳವಾರ ಸಂಜೆ 6.40ರಿಂದ 7.15ರ ನಡುವೆ ಬಾಗಿಲು ತೆರೆದಿದ್ದಿರಾ" ಎಂದು ಕೇಳಿದರೆ ಜನ ಆ ಸಂಜೆಯನ್ನು ನೆನಪಿಸಿಕೊಳ್ಳುತ್ತಾರೆ. ಎರಡು ಪ್ರಶ್ನೆಗಳಿಗೆ ಬರುವ ಉತ್ತರಗಳೇ ಬೇರೆ.

ಆದರೆ ಆ ಹೊತ್ತಿನಲ್ಲಿ ತೆರೆಯದ ಶೆಡ್ಡುಗಳನ್ನು ಬಿಟ್ಟುಬಿಡಬೇಡಿ. ತಗಡಿನ ಕೆಳಗೆ ಒಂದು ಗೇಣು ಸಂದಿಯಿದ್ದರೂ ಸಾಕು. ತಲೆ ತೂರಿದರೆ ಬೆಕ್ಕಿನ ಮೈಯೂ ಸಾಮಾನ್ಯವಾಗಿ ತೂರುತ್ತದೆ.

ಬೀಗದಕೈ

ಶೆಡ್ಡು ಇರುವವನಾಗಿ ಒಂದು ಮಾತು ಹೇಳಲೇಬೇಕು. ಇಂಥ ಪ್ರಕಟಣೆ ಬಂದ ಕೂಡಲೇ ನನಗೆ ತಲೆನೋವು ಶುರು. ಹಿಂದೊಮ್ಮೆ ಯಾರೋ ರಾತ್ರಿ ಹನ್ನೊಂದಕ್ಕೆ ಟಾರ್ಚು ಹಿಡಿದು ನಮ್ಮ ಕಾಂಪೌಂಡು ಹಾರಿದ್ದರು. ಇನ್ನೊಬ್ಬರು, ಬೆಕ್ಕನ್ನು ನಾನೇ ಕೂಡಿಹಾಕಿದ್ದೇನೆ ಎಂಬ ಧಾಟಿಯಲ್ಲಿ ಮಾತನಾಡಿದರು. ಮೇಲಿನ ಪ್ರಕಟಣೆಯಲ್ಲೂ "ಎತ್ತಿಕೊಂಡು ಹೋಗಿದ್ದರೆ ಹಿಂದಿರುಗಿಸಿ" ಎಂದಿದೆ. ಅದನ್ನು ಓದಿ, ಮರುವಾಕ್ಯದಲ್ಲಿ "ಶೆಡ್ಡು ತೆರೆದು ನೋಡಬೇಕು" ಎಂಬುದನ್ನು ಓದಿದರೆ ನನಗೆ ಅನಿಸುವುದೇನು? ನನ್ನ ಮೇಲೇ ಅನುಮಾನ ಎಂದು. ಆಮೇಲೆ ಬೆಕ್ಕು ಕಣ್ಣಿಗೆ ಬಿದ್ದರೂ ಬಾಯಿ ಬಿಡಲು ಹಿಂಜರಿಯುತ್ತೇನೆ.

ಕೇಳುವುದಾದರೆ ಹಗಲಲ್ಲಿ ಕೇಳಿ. ನಾನೇ ನೋಡುತ್ತೇನೆ, ಬೇಕಾದರೆ ನೀವೂ ಜೊತೆಗೆ ಬನ್ನಿ. "ಬೇಕು" ಎಂಬ ಆಜ್ಞೆ ಬೇಡ.

ಹಳೆ ಟಾರ್ಚು

ಬೀಗದಕೈ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮೂರು ಆಶ್ಚರ್ಯಸೂಚಕ, ಬಹುಮಾನ, ಕಳ್ಳತನದ ಸುಳಿವು ಎಲ್ಲವೂ ಹೋಗಲಿ.

ಈಗ ವಿವರಣೆ. "ಬೂದು ಬಣ್ಣ, ಸಾಧು" ಎಂದರೆ ಬೀದಿಯಲ್ಲಿ ಅರ್ಧ ಬೆಕ್ಕುಗಳು ಹಾಗೇ ಇವೆ. ಅವಳ ಮೈಯಲ್ಲಿ ದೂರದಿಂದಲೇ ಬೇರೆಯಾಗಿ ಕಾಣುವುದೇನು? ಪಟ್ಟೆಯೇ, ಮಚ್ಚೆಯೇ? ಎಡಗಡೆಯೇ, ಬಲಗಡೆಯೇ? ಬಾಲದ ತುದಿ ಹೇಗಿದೆ? ಕೊರಳಪಟ್ಟಿ ಇತ್ತೇ? ಇತ್ತು ಎಂದಾದರೂ "ಕಳಚಿರಬಹುದು" ಎಂದು ಸೇರಿಸಿ, ಇಲ್ಲವಾದರೆ ಪಟ್ಟಿ ಇಲ್ಲದ ಬೆಕ್ಕನ್ನು ಕಂಡವರು ಇದು ಅದಲ್ಲ ಎಂದುಕೊಳ್ಳುತ್ತಾರೆ. ಚಿತ್ರ ಒಂದೇ ಸಾಕು. ಮಡಿಲಲ್ಲಿ ಸುರುಳಿ ಸುತ್ತಿ ಮಲಗಿದ ಮುದ್ದು ಚಿತ್ರ ಬೇಡ. ಹಗಲ ಬೆಳಕಿನಲ್ಲಿ ನಿಂತಿರುವ, ಪಕ್ಕ ಪೂರ್ತಿ ಕಾಣುವ ಚಿತ್ರ ಹಾಕಿ. ಹಳದಿ ದೀಪದಲ್ಲಿ ತೆಗೆದ ಚಿತ್ರದಲ್ಲಿ ಬೂದು ಮೈ ಕಂದಾಗಿ ಕಾಣುತ್ತದೆ.

ಎಲ್ಲ ಗುರುತನ್ನೂ ಬಿಟ್ಟುಕೊಡಬೇಡಿ. ಒಂದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಸಿಕ್ಕಿದೆ ಎಂದು ಕರೆ ಮಾಡಿದವರನ್ನು ಅದರ ಬಗ್ಗೆ ಕೇಳಬಹುದು.

ಒಂಬತ್ತನೆ ಮಹಡಿ

ಇದಕ್ಕೆ ನನ್ನದೂ ಒಂದು ಸೇರಿಸಿ. ನನ್ನ ಅಕ್ಕನ ಬೆಕ್ಕು ಕಳೆದಾಗ ಒಬ್ಬ ಕರೆ ಮಾಡಿ, "ಬೆಕ್ಕು ನನ್ನ ಬಳಿ ಇದೆ, ನೀವೇ ನಿಜವಾದ ಒಡೆಯರೆಂದು ಖಚಿತವಾಗಲು ನಿಮ್ಮ ಮೊಬೈಲಿಗೆ ಬಂದ ಸಂಖ್ಯೆ ಹೇಳಿ" ಎಂದ. ಅಳುತ್ತಿದ್ದ ಅಕ್ಕ ಹೇಳಿಯೇ ಬಿಡುತ್ತಿದ್ದಳು. ಬಹುಮಾನದ ಮಾತು ಕಂಡರೆ ಇಂಥವರು ಬೇಗ ಬರುತ್ತಾರೆ. ಸಂಖ್ಯೆಯನ್ನೂ ಹೇಳಬೇಡಿ, ಸಾಗಣೆ ವೆಚ್ಚ ಎಂದು ಹಣವನ್ನೂ ಕಳುಹಿಸಬೇಡಿ. ಬೆಕ್ಕಿನ ಈಗಿನ ಚಿತ್ರ ಕೇಳಿ, ಅಷ್ಟಕ್ಕೇ ಮಾಯವಾಗುತ್ತಾರೆ.

ಮರಳುತಟ್ಟೆ

ಯಾರೂ ಮುಖ್ಯವಾದುದನ್ನೇ ಹೇಳಲಿಲ್ಲ! ಅವಳು ಬಳಸುವ ಮರಳಿನ ತಟ್ಟೆಯನ್ನು ತೊಳೆಯದೆ ಹಿತ್ತಲ ಬಾಗಿಲ ಹೊರಗಿಡಿ. ಬೆಕ್ಕು ತನ್ನ ವಾಸನೆಯನ್ನು ಒಂದೂವರೆ ಕಿಲೋಮೀಟರಿನಿಂದ ಹಿಡಿಯುತ್ತದೆ. ನಮ್ಮದು ಹಾಗೆಯೇ ಬಂತು.

ಹಳೆ ಟಾರ್ಚು

ಬೆಕ್ಕಿನ ಮೂಗು ನಮ್ಮದಕ್ಕಿಂತ ಬಹಳ ಚುರುಕು, ಅದು ನಿಜ. ಒಂದೂವರೆ ಕಿಲೋಮೀಟರಿನ ಲೆಕ್ಕಕ್ಕೆ ಆಧಾರವೇನು ಎಂದು ಕೇಳಿದರೆ ಇದುವರೆಗೆ ಯಾರೂ ಹೇಳಿಲ್ಲ. ನನ್ನ ಅಂಜಿಕೆ ಬೇರೆ: ಆ ವಾಸನೆಗೆ ಬೀದಿಯ ಗಂಡು ಬೆಕ್ಕುಗಳೂ ಬರುತ್ತವೆ. ಅಡಗಿ ಕೂತವಳು ಅವುಗಳನ್ನು ಕಂಡು ಇನ್ನಷ್ಟು ಒಳಗೆ ಸರಿಯಬಹುದು. ಅಲ್ಲದೆ ಅವಳು ಬಾಗಿಲು ಹಾಕಿದ ಕೊಠಡಿಯಲ್ಲಿದ್ದರೆ ವಾಸನೆ ಹಿಡಿದು ಮಾಡುವುದೇನು?

ಮರಳುತಟ್ಟೆ

ನಮ್ಮದು ಬಂದದ್ದು ಸುಳ್ಳೇ ಹಾಗಾದರೆ?

ಹಳೆ ಟಾರ್ಚು

ಬಂದದ್ದು ಸುಳ್ಳಲ್ಲ. ತಟ್ಟೆಗೇ ಬಂತೋ, ರಾತ್ರಿ ಬೀದಿ ಶಾಂತವಾದದ್ದಕ್ಕೆ ಬಂತೋ ಹೇಳುವುದು ಕಷ್ಟ. ಇಡುವುದಾದರೆ ಅವಳು ಮಲಗುವ ಬಟ್ಟೆ ಇಡಲಿ.

ಬೀಗದಕೈ

ನೀವಿಬ್ಬರೂ ಜಗಳವಾಡಿ, ಅಡ್ಡಿಯಿಲ್ಲ. ನಾನು ಕೇಳಬೇಕಾದದ್ದು: ಶೆಡ್ಡು "ನೋಡುವುದು" ಎಂದರೆ ಏನು? ಬಾಗಿಲು ತೆರೆದು ಕಣ್ಣಾಡಿಸಿದರೆ ಸಾಲದೇ?

ಹಳೆ ಟಾರ್ಚು

ಸಾಲದು. ಬಹಳಷ್ಟು ಬೆಕ್ಕುಗಳು ತಪ್ಪಿಹೋಗುವುದು ಇಲ್ಲಿಯೇ. ಮನುಷ್ಯ ನಿಂತು ತನ್ನ ಎತ್ತರದಲ್ಲಿ ನೋಡುತ್ತಾನೆ. ಬೆಕ್ಕು ಇರುವುದು ನೆಲಕ್ಕಂಟಿ ಅಥವಾ ಎಲ್ಲಕ್ಕಿಂತ ಮೇಲೆ. ಮೊದಲು ಒಳಗೆ ಹೋಗಿ ಬಾಗಿಲನ್ನು ಹಿಂದಿನಿಂದ ಹಾಕಿಕೊಳ್ಳಿ, ಇಲ್ಲವಾದರೆ ನೀವು ಒಂದು ಮೂಲೆ ನೋಡುವಾಗ ಇನ್ನೊಂದರಿಂದ ಹೊರಗೆ ಹಾರುತ್ತದೆ. ಎರಡು ನಿಮಿಷ ಸುಮ್ಮನೆ ನಿಂತುಕೊಳ್ಳಿ. ಆಮೇಲೆ ಮಂಡಿಯೂರಿ, ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು ನೆಲದುದ್ದಕ್ಕೂ ಬೆಳಕು ಹರಿಸಿ. ಸೊಂಟದ ಬಳಿ ಹಿಡಿದರೆ ಕಣ್ಣಿನ ಹೊಳಪು ನಿಮ್ಮ ಕಡೆಗೆ ಹಿಂದಿರುಗುವುದಿಲ್ಲ. ಮೈ ಕಾಣುವ ಮೊದಲೇ ಎರಡು ಹಸಿರು ಚುಕ್ಕೆ ಹೊಳೆಯುತ್ತವೆ. ಹಗಲಲ್ಲೂ ಕತ್ತಲೆಯ ಕೊಠಡಿಯಲ್ಲಿ ಇದು ಕೆಲಸ ಮಾಡುತ್ತದೆ. ಗೋಡೆಗೆ ಒರಗಿಸಿದ ಹಲಗೆಯ ಹಿಂದೆ, ಚೀಲಗಳ ನಡುವೆ, ತೊಲೆಯ ಮೇಲೆ, ತಲೆಕೆಳಗಾದ ಡಬ್ಬದೊಳಗೆ, ಎಲ್ಲವನ್ನೂ ನೋಡಬೇಕು. ಅದು ಕಣ್ಣು ಮುಚ್ಚಿಕೊಂಡರೆ ಅಥವಾ ಮುಖ ತಿರುಗಿಸಿದರೆ ಹೊಳಪೂ ಇಲ್ಲ, ಆದ್ದರಿಂದ ಕಾಣಲಿಲ್ಲವೆಂದರೆ ಇಲ್ಲ ಎಂದು ಅರ್ಥವಲ್ಲ.

ಸಂಶಯ ಉಳಿದರೆ ರಾತ್ರಿ ಬೀಗ ಹಾಕುವ ಮೊದಲು ಹೊಸ್ತಿಲ ಒಳಗೆ ತೆಳ್ಳಗೆ ಹಿಟ್ಟು ಉದುರಿಸಿ. ಬೆಳಿಗ್ಗೆ ಹೆಜ್ಜೆಯಿದ್ದರೆ ಯಾರೋ ಓಡಾಡಿದ್ದಾರೆ. ಬೆಕ್ಕಿನ ಹೆಜ್ಜೆ ದುಂಡಗಿರುತ್ತದೆ, ನಾಲ್ಕು ಬೆರಳು, ಉಗುರಿನ ಗುರುತು ಬೀಳುವುದಿಲ್ಲ. ನಾಯಿಯ ಹೆಜ್ಜೆಯಲ್ಲಿ ಉಗುರು ಕಾಣುತ್ತದೆ.

ಕಂಡರೆ ಕೈ ಹಾಕಬೇಡಿ. ಹೆದರಿದ ಬೆಕ್ಕು ಸಾಧುವಾದರೂ ಕಚ್ಚುತ್ತದೆ. ಕಚ್ಚಿಸಿಕೊಂಡರೆ ಹರಿಯುವ ನೀರು, ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಬಾಗಿಲು ಹಾಕಿ ಒಡತಿಗೆ ಕರೆ ಮಾಡುವುದಷ್ಟೇ ನೆರೆಯವರ ಕೆಲಸ. ಈ ಒಂದು ಸಾಲು ಪ್ರಕಟಣೆಯಲ್ಲಿ ಇರಲೇಬೇಕು, ಹಿಡಿದುಕೊಡಬೇಕಾಗಿಲ್ಲ ಎಂದು ಗೊತ್ತಾದರೆ ಜನ ನೋಡಲು ಒಪ್ಪುತ್ತಾರೆ.

ಕಿಟಕಿಯಂಚು (ಬುಧವಾರ ಮಧ್ಯಾಹ್ನ)

ಎಲ್ಲರ ಮಾತು ಸೇರಿಸಿ ಬರೆದದ್ದು ಇದು. ಈಗಷ್ಟೇ ಕಳುಹಿಸಿದೆ.

"ಬೆಕ್ಕು ಕಾಣೆಯಾಗಿದೆ: ಬೂದು ಮೈ, ಕಪ್ಪು ಪಟ್ಟೆ, ಮುಂಗಾಲೆರಡೂ ಬಿಳಿ.

ಹೆಣ್ಣು, ನಾಲ್ಕು ವರ್ಷ, ಮಧ್ಯಮ ಗಾತ್ರ, ತುಸು ದಪ್ಪ. ಬಾಲದ ತುದಿ ಕಪ್ಪು. ಕೆಂಪು ಕೊರಳಪಟ್ಟಿ ಇತ್ತು, ಕಳಚಿರಬಹುದು. ಹೆಸರು ಬೆಳ್ಳಿ, ಆದರೆ ಹೆದರಿರುವುದರಿಂದ ಕರೆದರೆ ಬರುವುದಿಲ್ಲ, ಸದ್ದೂ ಮಾಡಲಿಕ್ಕಿಲ್ಲ.

ಕೊನೆಯದಾಗಿ ಕಂಡದ್ದು ಮಂಗಳವಾರ ಸಂಜೆ 6.40ಕ್ಕೆ, ನಮ್ಮ ಅಡುಗೆಮನೆಯ ಕಿಟಕಿಯಲ್ಲಿ. 7.15ಕ್ಕೆ ಇರಲಿಲ್ಲ. ಹಿಂದಿನ ಓಣಿಗೆ ಇಳಿದಿರಬೇಕು. ಹೊರಗಿನ ಅಭ್ಯಾಸವಿಲ್ಲದವಳು, ಬಹುಶಃ ಹತ್ತಿರದಲ್ಲೇ ಅಡಗಿದ್ದಾಳೆ.

ಒಂದು ಕೋರಿಕೆ: ಆ ಹೊತ್ತಿನಲ್ಲಿ ನಿಮ್ಮ ಶೆಡ್ಡು, ಗ್ಯಾರೇಜು ಅಥವಾ ಸಾಮಾನಿನ ಕೊಠಡಿ ತೆರೆದಿದ್ದರೆ ಬಿಡುವಾದಾಗ ಒಮ್ಮೆ ಒಳಗೆ ನೋಡುತ್ತೀರಾ? ನೆಲದ ಮಟ್ಟದಲ್ಲಿ, ವಸ್ತುಗಳ ಹಿಂದೆ, ಮೇಲಿನ ತೊಲೆಗಳಲ್ಲಿ ಟಾರ್ಚು ಹಾಕಿ ನೋಡಿದರೆ ಒಳ್ಳೆಯದು. ಆಗ ತೆರೆದಿರದಿದ್ದರೂ ಕೆಳಗೆ ಸಂದಿಯಿದ್ದರೆ ದಯವಿಟ್ಟು ನೋಡಿ. ನಿಮ್ಮ ಒಪ್ಪಿಗೆಯಿಲ್ಲದೆ ನಾವು ಯಾರ ಜಾಗಕ್ಕೂ ಬರುವುದಿಲ್ಲ. ಕರೆದರೆ ಬಂದು ಜೊತೆಗೆ ಹುಡುಕುತ್ತೇವೆ.

ಕಂಡರೆ ಹಿಡಿಯಬೇಡಿ, ಅಟ್ಟಬೇಡಿ. ಬಾಗಿಲು ಹಾಕಿ ಈ ಗುಂಪಿನಲ್ಲೇ ನನಗೆ ತಿಳಿಸಿ. ಯಾವ ಹೊತ್ತಾದರೂ ಸರಿ. ಸಿಕ್ಕ ಕೂಡಲೇ ಇಲ್ಲಿ ತಿಳಿಸುತ್ತೇವೆ."

ಬೀಗದಕೈ

ಇದಾದರೆ ನಾನು ಈಗಲೇ ಎದ್ದು ಹೋಗಿ ನೋಡುತ್ತಿದ್ದೆ. ಬೀಗ ಹಾಕಿದ ಮನೆಯವರ ಗ್ಯಾರೇಜಿನ ಗತಿ ಏನು? ಅವರು ಗುಂಪಿನಲ್ಲಿ ಇಲ್ಲದಿರಬಹುದು.

ಕಿಟಕಿಯಂಚು

ಇಲ್ಲ. ಅವರ ನೀರಿನ ಪಂಪು ನೋಡಿಕೊಳ್ಳುವವರ ಮೂಲಕ ಹೇಳಿಕಳುಹಿಸಿದ್ದೇನೆ. ಗ್ಯಾರೇಜಿನ ಶಟರು ತಿಂಗಳಿನಿಂದ ಎತ್ತಿಲ್ಲವಂತೆ, ನೆಲಕ್ಕೆ ಸರಿಯಾಗಿ ಕೂತಿದೆ. ನಾಳೆ ಕೀಲಿ ತರುತ್ತಾರೆ.

ತೋಟದಮೂಲೆ

ಬಹುಮಾನ ತೆಗೆದದ್ದು ಸರಿ ಕಾಣಲಿಲ್ಲ ನನಗೆ. ಆಸೆಯಿಲ್ಲದೆ ಇಂದು ಯಾರು ಮಂಡಿಯೂರುತ್ತಾರೆ? ಮಕ್ಕಳಿಗೆ ಹೇಳಿದ್ದರೆ ಸಂಜೆಯೊಳಗೆ ಬಡಾವಣೆಯನ್ನೇ ಜಾಲಾಡುತ್ತಿದ್ದರು.

ಒಂಬತ್ತನೆ ಮಹಡಿ

ಮಕ್ಕಳ ದಂಡು ಕೂಗಿಕೊಂಡು ಬಂದರೆ ಅಡಗಿದ ಬೆಕ್ಕು ಎರಡು ಬೀದಿ ಆಚೆ ಓಡುತ್ತದೆ. ಆದರೆ ಮಕ್ಕಳ ಕಣ್ಣಿಗೆ ನಮಗಿಂತ ಬೇಗ ಬೀಳುತ್ತದೆ ಎಂಬುದೂ ನಿಜ. ಹುಡುಕಲು ಕಳುಹಿಸದೆ, ಕಂಡರೆ ಹೇಳಿ ಎಂದಷ್ಟೇ ಹೇಳಬಹುದು.

ಕಿಟಕಿಯಂಚು (ಗುರುವಾರ ಸಂಜೆ)

ಒಂದು ಸುಳಿವು ಸಿಕ್ಕಿದೆ. ಬಡಗಿಯವರು ನಿನ್ನೆ "ನಮ್ಮಲ್ಲಿ ಇಲ್ಲ, ನೋಡಿದ್ದೇವೆ" ಎಂದಿದ್ದರು. ಇಂದು ಅವರ ಸಹಾಯಕ ಹುಡುಗ ಪ್ರಕಟಣೆಯಲ್ಲಿನ ಸಮಯ ಓದಿ, ಮಂಗಳವಾರ ಆರೂಮುಕ್ಕಾಲಿಗೆ ತಾನೇ ಪ್ಲೈವುಡ್ ಹಾಳೆಗಳನ್ನು ಇಳಿಸಿಕೊಂಡದ್ದು, ಏಳರವರೆಗೂ ಬಾಗಿಲು ತೆರೆದಿದ್ದದ್ದು ನೆನಪಿಗೆ ಬಂತು ಎಂದ. ಬಡಗಿಯವರ ಒಪ್ಪಿಗೆಯಿಂದ ಹೋಗಿ ನೋಡಿದೆವು. ಕಾಣಲಿಲ್ಲ. ಗೋಡೆಗೆ ಒರಗಿಸಿದ ಹಾಳೆಗಳ ಹಿಂದೆ ಕಿರಿದಾದ ಸಂದಿಯಿದೆ, ಬೆಳಕು ಕೊನೆಯವರೆಗೆ ತಲುಪುವುದಿಲ್ಲ. ಹಾಳೆ ಸರಿಸಲು ಹೊರಟವರನ್ನು ನಾನೇ ತಡೆದೆ, ಅವಳು ಅಲ್ಲಿದ್ದರೆ ಜಾರಿದ ಹಾಳೆಯಡಿ ಸಿಕ್ಕುತ್ತಾಳೆ. ಹಿಟ್ಟು ಉದುರಿಸಿ, ನೀರಿನ ಬಟ್ಟಲು ಇಟ್ಟು ಬಂದಿದ್ದೇವೆ.

ಹಳೆ ಟಾರ್ಚು

ಒಳ್ಳೆಯ ಕೆಲಸ. ಬಟ್ಟಲಿನಲ್ಲಿ ನೀರು ಎಲ್ಲಿಯವರೆಗೆ ಇತ್ತು ಎಂದು ಗೆರೆ ಎಳೆದಿರಾ?

ಕಿಟಕಿಯಂಚು (ಶುಕ್ರವಾರ ಬೆಳಿಗ್ಗೆ)

ಎಳೆದಿರಲಿಲ್ಲ, ಬೇಕಾಗಲೂ ಇಲ್ಲ. ಹಿಟ್ಟಿನ ಮೇಲೆ ದುಂಡು ಹೆಜ್ಜೆಗಳು, ಬಟ್ಟಲಿನವರೆಗೆ ಹೋಗಿ ಹಾಳೆಗಳ ಕಡೆಗೇ ಹಿಂದಿರುಗಿದ್ದವು. ಬೇರೆ ಬೆಕ್ಕೂ ಇರಬಹುದು ಎಂದುಕೊಂಡೇ ಒಳಗೆ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತೆ. ಅವಳ ಆಹಾರದ ಡಬ್ಬವನ್ನು ಅಲುಗಿಸಿ, ಮನೆಯಲ್ಲಿ ಮಾತನಾಡುವ ದನಿಯಲ್ಲೇ ಏನೇನೋ ಹೇಳುತ್ತಿದ್ದೆ. ಬಹಳ ಹೊತ್ತಿನ ಮೇಲೆ ಸಂದಿಯಿಂದ ಬಿಳಿ ಮುಂಗಾಲು ಕಂಡಿತು. ಟವೆಲಿನಲ್ಲಿ ಸುತ್ತಿ ಪಂಜರಕ್ಕೆ ಹಾಕಿ ತಂದೆ. ಕೊರಳಪಟ್ಟಿ ಇರಲಿಲ್ಲ. ಗುಂಪುಗಳಲ್ಲಿ ಸಿಕ್ಕಿದ್ದಾಳೆ ಎಂದು ಹಾಕಿ, ಹಳೆಯ ಪ್ರಕಟಣೆಯನ್ನು ಅಳಿಸಿದ್ದೇನೆ.

ಮರಳುತಟ್ಟೆ

ಶುಭವಾಯಿತು! ತಟ್ಟೆ ಇಟ್ಟಿದ್ದರೆ ಬುಧವಾರವೇ ಬರುತ್ತಿದ್ದಳು.

ಬೀಗದಕೈ

ಬೀಗದ ಬಾಗಿಲೊಳಗಿಂದಲೇ?

ಹಳೆ ಟಾರ್ಚು

ಇಂದೇ ಪಶುವೈದ್ಯರಿಗೆ ತೋರಿಸಿ. ದಪ್ಪ ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ತುಂಬಿಕೊಂಡು ಅಪಾಯವಾಗಬಹುದು, ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಹಸಿದಿದ್ದಾಳೆಂದು ಒಮ್ಮೆಗೇ ಬಟ್ಟಲು ತುಂಬಬೇಡಿ, ಸ್ವಲ್ಪ ಸ್ವಲ್ಪವಾಗಿ ಕೊಡಿ. ತಿನ್ನಲು ಒಲ್ಲೆ ಎಂದರೆ ಕಾಯಲೇಬೇಡಿ. ಇನ್ನೊಂದು: ಆ ಕೊಠಡಿಯಲ್ಲಿ ಇಲಿ ಪಾಷಾಣ ಇಟ್ಟಿದ್ದಾರೆಯೇ ಎಂದು ಬಡಗಿಯವರನ್ನು ಕೇಳಿ. ಇದ್ದರೆ ಹೊದಿಕೆಯ ಚಿತ್ರ ತೆಗೆದುಕೊಂಡು ಹೋಗಿ.

ಕಿಟಕಿಯಂಚು (ಶುಕ್ರವಾರ ರಾತ್ರಿ)

ಕೇಳಿದೆ. ಮೂಲೆಯಲ್ಲಿ ನೀಲಿ ಬಣ್ಣದ ತುಂಡುಗಳನ್ನು ಇಟ್ಟಿದ್ದರು. ಒಂದರ ಅಂಚು ಕಡಿದಂತಿದೆ, ಇಲಿಯೋ ಇವಳೋ ಗೊತ್ತಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯದು ಎಂದು ವೈದ್ಯರು ಹೊದಿಕೆ ನೋಡಿ ಹೇಳಿದರು. ನೀರು ಕಡಿಮೆಯಾಗಿದ್ದುದಕ್ಕೆ ಚರ್ಮದಡಿ ದ್ರವ ಕೊಟ್ಟರು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಇಂದು ಸರಿಯಾಗಿ ಬಂದಿದೆ. ಆದರೆ ಈ ವಿಷದ ಪರಿಣಾಮ ಕೆಲವು ದಿನ ತಡವಾಗಿ ಕಾಣಿಸಿಕೊಳ್ಳುತ್ತದಂತೆ. ಹಾಗಾಗಿ ಭಾನುವಾರ ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ವಸಡು ಬಿಳಿಚಿದೆಯೇ, ಮೂಗಿನಲ್ಲಿ ರಕ್ತವಿದೆಯೇ ಎಂದು ನೋಡುತ್ತಿರಲು ಹೇಳಿದ್ದಾರೆ. ಸದ್ಯಕ್ಕೆ ತಿನ್ನುತ್ತಿದ್ದಾಳೆ. ಬಡಗಿಯವರು ಆ ತುಂಡುಗಳನ್ನು ತೆಗೆದಿದ್ದಾರೆ. ಇಲಿಗಳಿಗೆ ಬದಲಿ ಏನು ಮಾಡಬೇಕೆಂದು ಅವರು ಕೇಳುತ್ತಿದ್ದಾರೆ, ಯಾರಿಗಾದರೂ ಗೊತ್ತಿದ್ದರೆ ಹೇಳಿ.

ತೋಟದಮೂಲೆ

ಅದಕ್ಕೆ ನಮ್ಮ ಗಂಡು ಬೆಕ್ಕನ್ನು ಕಳುಹಿಸಬಲ್ಲೆ. ಅದು ಮನೆಗೆ ಬಂದಾಗ.